ಇಂಡಕ್ಷನ್ ಒಲೆ ಕೋಡ್ ತೋರಿಸಿ ಆಫ್ ಆಗುತ್ತಿದೆಯೇ? ಪಾತ್ರೆ, ಫ್ಯಾನ್, ಸೆನ್ಸರ್ ಮೂರನ್ನೂ ಒಟ್ಟಿಗೆ ನೋಡುವ ಬಗೆ

ಅರ್ಧ ಅಡುಗೆಯಲ್ಲಿ ಇಂಡಕ್ಷನ್ ಒಲೆ ಟೀಂ ಟೀಂ ಎಂದು ಕೂಗಿ, E ಪಕ್ಕದಲ್ಲಿ ಒಂದು ಅಂಕಿ ತೋರಿಸಿ ನಿಂತುಬಿಟ್ಟರೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ತಕ್ಷಣ ಮತ್ತೆ ಆನ್ ಮಾಡುತ್ತಾರೆ, ಇಲ್ಲವೇ ಆ ಕೋಡನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ಮತ್ತೆ ಆನ್ ಮಾಡಿದರೆ ಒಲೆ ಮೊದಲಿಗಿಂತ ಬೇಗ ನಿಲ್ಲುತ್ತದೆ. ಹುಡುಕಿದರೆ ತಲೆ ಕೆಡುತ್ತದೆ, ಏಕೆಂದರೆ ಈ ಕೋಡುಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಪಟ್ಟಿ ಎಂಬುದಿಲ್ಲ. ಒಂದರಲ್ಲಿ E1 ಎಂದರೆ ಪಾತ್ರೆ ಇಲ್ಲ, ಇನ್ನೊಂದರಲ್ಲಿ ಅದೇ E1 ಎಂದರೆ ವೋಲ್ಟೇಜ್ ಕಡಿಮೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅರ್ಥ ಬೇರೆಯಾಗಿರುವುದುಂಟು. ಡಬ್ಬದಲ್ಲಿ ಬಂದ ಕೈಪಿಡಿ ಸಿಕ್ಕರೆ ಅದನ್ನು ಮಾತ್ರ ನಂಬಿ. ಸಿಗದಿದ್ದರೂ ಚಿಂತೆಯಿಲ್ಲ. ಆನ್ ಮಾಡಿದ ಎಷ್ಟು ಹೊತ್ತಿಗೆ ನಿಂತಿತು, ಆಗ ಪಾತ್ರೆಯಲ್ಲಿ ಏನಿತ್ತು, ಫ್ಯಾನಿನ ಸದ್ದು ಹೇಗಿತ್ತು ಎಂಬ ಮೂರು ಸಂಗತಿ ಕೋಡಿಗಿಂತ ಹೆಚ್ಚು ಹೇಳುತ್ತವೆ.

ಪಾತ್ರೆ ಸರಿಯಿಲ್ಲ, ಫ್ಯಾನ್ ಕಟ್ಟಿಕೊಂಡಿದೆ, ಸೆನ್ಸರ್ ಹೋಗಿದೆ ಎಂದು ಮೂರು ಬೇರೆ ಬೇರೆ ಕಾಯಿಲೆಗಳಂತೆ ಹೇಳುವ ರೂಢಿಯಿದೆ. ನಿಜದಲ್ಲಿ ಅವು ಒಂದೇ ಸರಪಳಿಯ ಕೊಂಡಿಗಳು. ಪಾತ್ರೆ ಬಿಸಿ ಹುಟ್ಟಿಸುತ್ತದೆ, ಫ್ಯಾನ್ ಅದನ್ನು ಹೊರಹಾಕುತ್ತದೆ, ಸೆನ್ಸರ್ ಕಾವಲು ಕೂತಿರುತ್ತದೆ. ಕಾವಲಿನವನು ಕೂಗಿದಾಗ ಅವನನ್ನೇ ಬದಲಾಯಿಸಲು ಹೊರಟರೆ ದುಡ್ಡು ದಂಡ.

ಗಾಜಿನ ಕೆಳಗೆ ಏನಿದೆ

ಗಾಜಿನ ಕೆಳಗೆ ಚಕ್ಕುಲಿ ಸುತ್ತಿದ ಹಾಗೆ ತಾಮ್ರದ ಕಾಯಿಲ್ ಇರುತ್ತದೆ. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಒಳಗಿನ ಬೋರ್ಡ್ ಮೊದಲು ಡಿಸಿ ಮಾಡಿಕೊಂಡು, ಆಮೇಲೆ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ಆನ್ ಆಫ್ ಮಾಡಿ ಆ ಕಾಯಿಲ್ಲಿಗೆ ಕೊಡುತ್ತದೆ. ಈ ಆನ್ ಆಫ್ ಕೆಲಸ ಮಾಡುವ ಬಿಡಿಭಾಗದ ಹೆಸರು ಐಜಿಬಿಟಿ. ಬೆರಳಿನಷ್ಟು ಅಗಲದ, ಮೂರು ಕಾಲಿನ ಕಪ್ಪು ತುಂಡು. ಅದನ್ನು ಅಲ್ಯೂಮಿನಿಯಂ ರೆಕ್ಕೆಗಳಿರುವ ಹೀಟ್ ಸಿಂಕಿಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಪಕ್ಕದಲ್ಲೇ ಫ್ಯಾನ್ ಇರುತ್ತದೆ.

ಕಾಯಿಲ್ ತಾನಾಗಿ ಕಾಯುವ ವಸ್ತುವಲ್ಲ. ಅದು ಹುಟ್ಟಿಸುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ವಿದ್ಯುತ್ತನ್ನು ಸುತ್ತಿಸುತ್ತದೆ, ತಳವೇ ಕಾಯುತ್ತದೆ. ಆದರೆ ಈ ಕೆಲಸದಲ್ಲಿ ಸ್ವಲ್ಪ ಪಾಲು ಕಾಯಿಲ್ಲಿನಲ್ಲೂ ಐಜಿಬಿಟಿಯಲ್ಲೂ ಬಿಸಿಯಾಗಿ ಉಳಿಯುತ್ತದೆ. 2000 ವ್ಯಾಟಿನಲ್ಲಿ ಓಡುವ ಒಲೆಯೊಳಗೆ ನೂರು ವ್ಯಾಟಿಗೆ ಕಡಿಮೆಯಿಲ್ಲದ ಬಿಸಿ ಹೀಗೆ ಉಳಿಯುತ್ತದೆ. ಹಳೆಯ ಕಾಲದ ನೂರು ವ್ಯಾಟ್ ಬಲ್ಬೊಂದನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿ ಉರಿಸಿದ ಹಾಗೆ. ಫ್ಯಾನ್ ನಿಂತರೆ ಏನಾಗುತ್ತದೆಂದು ಇದರಿಂದಲೇ ಊಹಿಸಬಹುದು.

ಕಾವಲಿಗೆ ಸಾಮಾನ್ಯವಾಗಿ ಎರಡು ಸೆನ್ಸರ್‌ಗಳಿರುತ್ತವೆ. ಒಂದು ಕಾಯಿಲ್ಲಿನ ನಟ್ಟನಡುವೆ, ಗಾಜಿನ ಅಡಿಗೆ ಬಿಳಿ ಪೇಸ್ಟ್ ಹಚ್ಚಿ ಒತ್ತಿಕೊಂಡಿರುತ್ತದೆ. ಇನ್ನೊಂದು ಐಜಿಬಿಟಿಯ ಬಳಿ, ಹೀಟ್ ಸಿಂಕಿನ ಮೇಲೆ. ಮೊದಲನೆಯದನ್ನು ಗಾಜಿನ ಸೆನ್ಸರ್, ಎರಡನೆಯದನ್ನು ಒಳಗಿನ ಸೆನ್ಸರ್ ಎಂದು ಕರೆಯೋಣ. ಗಾಜಿನದು ಸಾಮಾನ್ಯವಾಗಿ 200 ಡಿಗ್ರಿ ದಾಟಿದ ಮೇಲೆ ಒಲೆಯನ್ನು ನಿಲ್ಲಿಸುತ್ತದೆ, ಒಳಗಿನದು 100 ಡಿಗ್ರಿಯ ಆಸುಪಾಸಿನಲ್ಲೇ. ಈ ವ್ಯತ್ಯಾಸ ನೆನಪಿಡಿ, ಮುಂದಿನ ಪರೀಕ್ಷೆ ಇದರ ಮೇಲೇ ನಿಂತಿದೆ.

ಮೊದಲು ಹೊತ್ತು ನೋಡಿ

ಒಲೆ ಪೂರ್ತಿ ತಣ್ಣಗಿದ್ದಾಗ, ಅಂದರೆ ಅರ್ಧ ಗಂಟೆಯಾದರೂ ಬಳಸದೆ ಇದ್ದಾಗ, ಎಂದಿನ ಪಾತ್ರೆ ಇಟ್ಟು ಆನ್ ಮಾಡಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ.

ಕೆಲವೇ ಸೆಕೆಂಡಿನಲ್ಲಿ ಟಿಕ್ ಟಿಕ್ ಎಂದು ಕೂಗಲು ಶುರುವಾಗಿ, ಅರ್ಧ ಒಂದು ನಿಮಿಷದೊಳಗೆ ಆಫ್ ಆದರೆ ಒಲೆಗೆ ಪಾತ್ರೆ ಕಾಣುತ್ತಿಲ್ಲ. ಇದಕ್ಕೂ ಬಿಸಿಗೂ ಸಂಬಂಧವಿಲ್ಲ. ಒಳ್ಳೆಯ ಪಾತ್ರೆ ಇಟ್ಟರೂ ಇಡದಿದ್ದರೂ ಪ್ಲಗ್ ಹಾಕಿ ಆನ್ ಒತ್ತಿದ ಕ್ಷಣವೇ ಅದೇ ಕೋಡ್ ಬಂದರೆ ಸೆನ್ಸರ್ ತಂತಿ ಕಿತ್ತಿರಬೇಕು, ಸೆನ್ಸರ್ ಶಾರ್ಟ್ ಆಗಿರಬೇಕು, ಇಲ್ಲವೇ ವೋಲ್ಟೇಜಿನ ತಕರಾರು. ತಣ್ಣಗಿರುವ ಒಲೆಗೆ ನಿಜವಾದ ಬಿಸಿಯ ದೂರು ಇರಲು ಸಾಧ್ಯವಿಲ್ಲವಲ್ಲ.

ಮೂರರಿಂದ ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ಕೂಡಲೇ ಮತ್ತೆ ಹಾಕಿದರೆ ಒಂದೆರಡು ನಿಮಿಷಕ್ಕೇ ನಿಂತರೆ ಒಳಗಿನ ಬಿಸಿಯ ಅನುಮಾನ. ಹೀಟ್ ಸಿಂಕ್ ಪೂರ್ತಿ ಆರಿರುವುದಿಲ್ಲ, ಆದ್ದರಿಂದ ಎರಡನೇ ಸಲ ಮಿತಿ ಮುಟ್ಟಲು ಕಡಿಮೆ ಹೊತ್ತು ಸಾಕು. ನೀರಿನ ಅಡುಗೆ ಎಲ್ಲವೂ ಸರಿಯಾಗಿ ಆಗಿ, ದೋಸೆ ಹಾಕುವಾಗ, ಒಣ ಮೆಣಸಿನಕಾಯಿ ಹುರಿಯುವಾಗ, ಬೋಂಡ ಕರಿಯುವಾಗ ಮಾತ್ರ ನಿಂತರೆ ಗಾಜಿನ ಸೆನ್ಸರ್ ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.

ಒಂದು ಮಾತು. ಕಡಿಮೆ ಉರಿಯಲ್ಲಿ, 300 ಅಥವಾ 500 ವ್ಯಾಟಿನಲ್ಲಿ, ಅನೇಕ ಒಲೆಗಳು ಕೆಲವು ಸೆಕೆಂಡ್ ಓಡಿ ಕೆಲವು ಸೆಕೆಂಡ್ ಸುಮ್ಮನಿರುತ್ತವೆ. ಹಾಲು ಉಕ್ಕಿ ಉಕ್ಕಿ ಇಳಿಯುವುದು ಕಾಣುತ್ತದೆ. ಇದು ಕೆಟ್ಟಿರುವುದಲ್ಲ, ಒಲೆ ಕಟ್ಟಿರುವುದೇ ಹಾಗೆ. ಅಡುಗೆ ಮುಗಿದ ಮೇಲೆ ಪರದೆಯಲ್ಲಿ H ಕಂಡರೆ ಅದೂ ಸಾಮಾನ್ಯವಾಗಿ ದೋಷವಲ್ಲ, ಗಾಜು ಇನ್ನೂ ಬಿಸಿ ಇದೆ, ಕೈ ಇಡಬೇಡಿ ಎಂಬ ಎಚ್ಚರಿಕೆ.

ಎರಡು ಲೀಟರ್ ನೀರಿನ ಪರೀಕ್ಷೆ

ಈ ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಒಲೆಯ ಜೊತೆ ಬಂದ ಪಾತ್ರೆ ಅಥವಾ ಇಂಡಕ್ಷನ್ ತಳದ ಕುಕ್ಕರ್, ಯಾವುದರ ಮೇಲೆ ಪೂರ್ತಿ ನಂಬಿಕೆಯಿದೆಯೋ ಅದನ್ನು ತೆಗೆದುಕೊಳ್ಳಿ. ಎರಡು ಲೀಟರ್ ನೀರು ಹಾಕಿ, ಮುಚ್ಚಳ ಹಾಕದೆ 1600 ವ್ಯಾಟಿಗೆ ಇಡಿ. ಒಲೆ 1200 ವ್ಯಾಟಿನದಾದರೆ ಅದರ ಗರಿಷ್ಠಕ್ಕೆ ಇಡಿ. ಕುದಿ ಬಂದ ಮೇಲೂ ಹತ್ತು ನಿಮಿಷ ಕುದಿಯಲು ಬಿಡಿ. ಅಷ್ಟರಲ್ಲಿ ಅರ್ಧ ಲೀಟರಿಗಿಂತ ಕಡಿಮೆ ನೀರು ಆವಿಯಾಗುತ್ತದೆ, ತಳ ಒಣಗುವ ಭಯವಿಲ್ಲ.

ನೀರೇ ಯಾಕೆ ಎಂದರೆ, ಅದು ಇರುವ ತನಕ ಪಾತ್ರೆಯ ತಳ 100 ಡಿಗ್ರಿಯಿಂದ ಹೆಚ್ಚು ಮೇಲೆ ಹೋಗಲಾರದು. ಗಾಜಿನ ಸೆನ್ಸರ್ ಒಲೆಯನ್ನು ನಿಲ್ಲಿಸಬೇಕಾದರೆ ಅದರ ಎರಡರಷ್ಟು ಬಿಸಿ ಬೇಕು. ಆದ್ದರಿಂದ ಒಳ್ಳೆಯ ಪಾತ್ರೆಯಲ್ಲಿ ನೀರು ಕುದಿಯುತ್ತಿರುವಾಗಲೇ ಒಲೆ ಬಿಸಿಯ ಕೋಡ್ ಕೊಟ್ಟು ನಿಂತರೆ ಪಾತ್ರೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಬಿಸಿ ಒಳಗಿದೆ, ಅಂದರೆ ಗಾಳಿ ಓಡುತ್ತಿಲ್ಲ. ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿದೆ. ನೀರಿನ ಪರೀಕ್ಷೆ ಪೂರ್ತಿ ಪಾಸಾಗಿ, ನಿಮ್ಮ ಎಂದಿನ ಪಾತ್ರೆಯಲ್ಲಿ ಮಾತ್ರ ನಿಂತರೆ ಪಾತ್ರೆಯ ಕಡೆ ತಿರುಗಿ.

ಕುದಿಯಲು ಹಿಡಿದ ಹೊತ್ತನ್ನೂ ಬರೆದುಕೊಳ್ಳಿ. 1600 ವ್ಯಾಟಿನಲ್ಲಿ ಎರಡು ಲೀಟರ್ ನೀರಿಗೆ ಎಂಟು ಒಂಬತ್ತು ನಿಮಿಷ ಸರಿಯಾದ ಲೆಕ್ಕ. ಹದಿನೈದು ನಿಮಿಷವಾದರೂ ಕುದಿ ಬರದಿದ್ದರೆ ಪಾತ್ರೆ ಶಕ್ತಿಯನ್ನು ಸರಿಯಾಗಿ ಹಿಡಿಯುತ್ತಿಲ್ಲ, ಇಲ್ಲವೇ ಒಲೆಯೇ ಬಿಸಿಯಾಗಿ ತಾನೇ ಉರಿ ತಗ್ಗಿಸಿಕೊಳ್ಳುತ್ತಿದೆ, ಅದೂ ಅಲ್ಲದಿದ್ದರೆ ವೋಲ್ಟೇಜ್ ಕುಸಿದಿದೆ.

ಪಾತ್ರೆ: ಅಂಟಿದರೆ ಸಾಲದು, ಗಟ್ಟಿಯಾಗಿ ಅಂಟಬೇಕು

ಅಯಸ್ಕಾಂತದ ಪರೀಕ್ಷೆ ಎಲ್ಲರಿಗೂ ಗೊತ್ತು. ಫ್ರಿಜ್ಜಿನ ಬಾಗಿಲಿನ ಅಲಂಕಾರದ ಅಯಸ್ಕಾಂತವನ್ನು ಪಾತ್ರೆಯ ತಳಕ್ಕೆ ಹಿಡಿಯುವುದು, ಅಂಟಿದರೆ ಆಯಿತು ಎನ್ನುವುದು. ಅಂಟದಿದ್ದರೆ ಮಾತು ಮುಗಿಯಿತು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಮಣ್ಣಿನ ಮಡಕೆ ಇವು ಯಾವುವೂ ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ನಡೆಯವು. ಸ್ಟೀಲ್ ಪಾತ್ರೆಗಳಲ್ಲೂ ಒಳ್ಳೆಯ ದರ್ಜೆಯದೆಂದು ಮಾರುವ 304 ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, 430 ಸ್ಟೀಲಿಗೆ ಅಂಟುತ್ತದೆ. ಇಂಡಕ್ಷನ್ ಕುಕ್ಕರಿನ ತಳಕ್ಕೆ ಹೊರಗಡೆಯಿಂದ ಇಂಥ ಅಂಟುವ ಸ್ಟೀಲಿನ ಬಿಲ್ಲೆಯನ್ನೇ ಸೇರಿಸಿರುತ್ತಾರೆ.

ತೊಂದರೆ ಬರುವುದು ಅರೆಬರೆ ಅಂಟುವ ಪಾತ್ರೆಗಳಿಂದ. ಅಯಸ್ಕಾಂತ ತಳದಲ್ಲಿ ನಿಂತೂ ನಿಲ್ಲದ ಹಾಗೆ ಜಾರುತ್ತಿದ್ದರೆ, ಅಥವಾ ನಡುವೆ ಅಂಟಿ ಅಂಚಿನಲ್ಲಿ ಅಂಟದಿದ್ದರೆ, ಒಲೆ ಪಾತ್ರೆಯನ್ನು ಗುರುತಿಸಿ ಓಡಲು ಶುರುಮಾಡುತ್ತದೆ. ಆದರೆ ಕಾಂತಕ್ಷೇತ್ರದ ಶಕ್ತಿಯನ್ನು ತಳ ಸರಿಯಾಗಿ ಹೀರುವುದಿಲ್ಲ. ಪಾತ್ರೆಗೆ ಹೋಗಬೇಕಾದ ಅದೇ ವ್ಯಾಟನ್ನು ಮುಟ್ಟಿಸಲು ಕಾಯಿಲ್ಲಿನಲ್ಲೂ ಐಜಿಬಿಟಿಯಲ್ಲೂ ಹೆಚ್ಚು ಕರೆಂಟ್ ಹರಿಯಬೇಕಾಗುತ್ತದೆ. ಅನ್ನ ನಿಧಾನಕ್ಕೆ ಬೇಯುತ್ತದೆ, ಒಲೆಯ ಹೊಟ್ಟೆ ಮಾತ್ರ ಬೇಗ ಕಾಯುತ್ತದೆ. ಫ್ಯಾನ್ ಎಷ್ಟೇ ಚೆನ್ನಾಗಿದ್ದರೂ ಇಂಥ ಪಾತ್ರೆಯಿಂದ ಒಳಗಿನ ಸೆನ್ಸರ್ ಮಿತಿ ಮುಟ್ಟಿ ಒಲೆ ನಿಲ್ಲಬಹುದು. ಪಾತ್ರೆಯ ತಪ್ಪಿಗೆ ಒಳಗಿನ ಬಿಸಿಯ ಕೋಡ್ ಬರುವುದು ಹೀಗೆ. ಮೈಸೂರಿನ ದೇವರಾಜ ಮಾರುಕಟ್ಟೆ ಕಡೆ ಪಾತ್ರೆ ಕೊಳ್ಳಲು ಹೋದರೆ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ತಳದ ನಡುವೆ, ಅಂಚಿನಲ್ಲಿ, ಇವೆರಡರ ಮಧ್ಯೆ ಹೀಗೆ ಮೂರು ಕಡೆ ಹಿಡಿದು ನೋಡಿ. ಎಳೆದು ಕೀಳಬೇಕಾದಷ್ಟು ಬಿಗಿಯಿರಬೇಕು. ಡಬ್ಬದ ಮೇಲಿನ ಸುರುಳಿ ಗುರುತಿಗಿಂತ ಇದು ಹೆಚ್ಚು ನಂಬಿಕಸ್ಥ.

ಇನ್ನು ತಳದ ಅಗಲ. ಹನ್ನೆರಡು ಸೆಂಟಿಮೀಟರಿಗಿಂತ ಚಿಕ್ಕ ತಳವನ್ನು ಬಹಳಷ್ಟು ಒಲೆಗಳು ಗುರುತಿಸುವುದೇ ಇಲ್ಲ, ಒಗ್ಗರಣೆ ಸೌಟು ಇಟ್ಟಾಗ ಕೂಗುವುದು ಇದಕ್ಕೇ. ತಳ ಸಪಾಟಾಗಿದೆಯೇ ಎಂದು ನೋಡಲು ಪಾತ್ರೆ ಬೋರಲು ಹಾಕಿ ಸ್ಟೀಲಿನ ಸ್ಕೇಲನ್ನು ಅಡ್ಡ ನಿಲ್ಲಿಸಿ, ಕೆಳಗಿನಿಂದ ಬೆಳಕು ನುಸುಳುತ್ತಿದೆಯೇ ನೋಡಿ. ನಡುವೆ ಒಂದೆರಡು ಮಿಲಿಮೀಟರ್ ಒಳಕ್ಕೆ ತಗ್ಗಿದ ತಳ ಗಾಜಿನ ಸೆನ್ಸರಿಗೆ ದೂರವಾಗುತ್ತದೆ. ಎಣ್ಣೆ ಹೊಗೆಯಾಡುತ್ತಿದ್ದರೂ ಸೆನ್ಸರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಸೆನ್ಸರ್ ಅಳೆಯುವುದು ಗಾಜಿನ ಬಿಸಿಯನ್ನೇ ಹೊರತು ಎಣ್ಣೆಯದನ್ನಲ್ಲ. ಆದ್ದರಿಂದ ತಳ ಸೊಟ್ಟಗಾದ ಬಾಣಲೆಯಲ್ಲಿ ಎಣ್ಣೆ ಇಟ್ಟು ಸೆನ್ಸರ್ ನೋಡಿಕೊಳ್ಳುತ್ತದೆ ಎಂದು ಪಕ್ಕಕ್ಕೆ ಹೋಗಬೇಡಿ.

ಬೀಡುಕಬ್ಬಿಣದ ಕಾವಲಿಯ ಕಥೆ ತಿರುವುಮುರುವು. ಅಯಸ್ಕಾಂತಕ್ಕೆ ಅದಕ್ಕಿಂತ ಒಳ್ಳೆಯ ಪಾತ್ರೆಯಿಲ್ಲ, ಆದರೆ ಬಿಸಿಯನ್ನು ಹಿಡಿದಿಟ್ಟುಕೊಂಡು ಗಾಜಿಗೆ ಸುರಿಯುತ್ತಲೇ ಇರುತ್ತದೆ. ದೋಸೆ ಎತ್ತಿ ಮುಂದಿನದು ಹುಯ್ಯುವ ನಡುವೆ ಖಾಲಿ ಕಾವಲಿ ಇನ್ನೂ ಕಾಯುತ್ತದೆ. 1000 ವ್ಯಾಟಿನ ಒಳಗೆ ಇಟ್ಟು ನಿಧಾನಕ್ಕೆ ಕಾಯಿಸಿದರೆ ಕಾವು ತಳದ ತುಂಬ ಹರಡುತ್ತದೆ, ಗಾಜೂ ಮಿತಿಯೊಳಗೆ ಇರುತ್ತದೆ. ಬೇಗ ಆಗಲೆಂದು 2000ಕ್ಕೆ ಏರಿಸಿದರೆ ಕಾಯಿಲ್ಲಿನ ಸುತ್ತಿನ ಆಕಾರಕ್ಕೆ ಒಂದು ಉಂಗುರ ಸೀದು, ಅಂಚು ಹಸಿ ಉಳಿಯುತ್ತದೆ.

ಗಾಳಿ: ತಳದಿಂದ ಬಂದು ಹಿಂದಿನಿಂದ ಹೋಗಬೇಕು

ಬಹುತೇಕ ಮೇಜಿನ ಮೇಲಿಡುವ ಒಲೆಗಳು ತಳದ ಜಾಲರಿಯಿಂದ ಗಾಳಿ ಎಳೆದು ಹಿಂದೆ ಅಥವಾ ಪಕ್ಕಕ್ಕೆ ಬಿಡುತ್ತವೆ. ರಬ್ಬರ್ ಕಾಲುಗಳ ಎತ್ತರ ಒಂದೆರಡು ಸೆಂಟಿಮೀಟರ್ ಅಷ್ಟೇ. ಆ ಸಂದಿಯೇ ಒಲೆಯ ಮೂಗು. ಕಲ್ಲು ಕೊಳೆಯಾಗದಿರಲೆಂದು ಹಳೇ ಪೇಪರ್, ಹೂವಿನ ಪ್ಲಾಸ್ಟಿಕ್ ಶೀಟ್, ಟವೆಲ್ ಹಾಸಿ ಅದರ ಮೇಲೆ ಒಲೆ ಇಡುವುದು ನಮ್ಮಲ್ಲಿ ಮಾಮೂಲು. ಫ್ಯಾನ್ ತಿರುಗಿದ ಕೂಡಲೇ ತೆಳು ಹಾಸು ಮೇಲೆದ್ದು ಜಾಲರಿಗೆ ಅಂಟಿಕೊಳ್ಳುತ್ತದೆ. ಒಲೆ ಎತ್ತಿ ನೋಡಿದಾಗ ಹಾಸು ಸಪಾಟಾಗಿಯೇ ಮಲಗಿರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಗಾಳಿಯನ್ನು ಹೊರಗಿನಿಂದಲೇ ಪರೀಕ್ಷಿಸಬಹುದು. ನೀರಿಟ್ಟು ಆನ್ ಮಾಡಿ, ತೆಳುವಾದ ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯನ್ನು ಗಾಳಿ ಹೊರಬರುವ ಜಾಲರಿಯ ಮುಂದೆ ಹಿಡಿಯಿರಿ. ಪಟ್ಟಿ ಸ್ಪಷ್ಟವಾಗಿ ಹೊರಕ್ಕೆ ಹಾರಬೇಕು. ಸುಮ್ಮನೆ ನಡುಗಿದರೆ ಗಾಳಿ ಸಾಲದು. ಐದು ನಿಮಿಷದ ಮೇಲೆ ಕೈ ಇಟ್ಟು ನೋಡಿದರೆ ಬೆಚ್ಚನೆಯ ಗಾಳಿ ರಭಸವಾಗಿ ಬರುತ್ತಿರಬೇಕು. ಗಾಳಿಯೇ ಇಲ್ಲದೆ ಜಾಲರಿ ಮಾತ್ರ ಸುಡುತ್ತಿದ್ದರೆ ಫ್ಯಾನ್ ತಿರುಗುತ್ತಿಲ್ಲ. ಸದ್ದು ಕೂಡ ಗುರುತು ಕೊಡುತ್ತದೆ. ಮೊದಲು ಹಗುರವಾಗಿ ಗುಂಯ್ ಎನ್ನುತ್ತಿದ್ದ ಫ್ಯಾನ್ ಈಗ ಕರಕರ ಎನ್ನುತ್ತಿದ್ದರೆ ಬೇರಿಂಗ್ ಒಣಗಿದೆ, ಗೊರಗೊರ ಎಂದು ಭಾರವಾಗಿದ್ದರೆ ಎಣ್ಣೆ ಜಿಡ್ಡಿನ ಧೂಳು ರೆಕ್ಕೆಗೆ ಮೆತ್ತಿದೆ.

ಒಲೆಯ ಜಾಗ ಹೀಗಿರಲಿ: ಬರಿಯ ಗ್ರಾನೈಟ್ ಅಥವಾ ಕಡಪ ಕಲ್ಲು, ಹಿಂದಿನ ಗೋಡೆಗೆ ಹತ್ತು ಸೆಂಟಿಮೀಟರ್ ಅಂತರ, ಪಕ್ಕದಲ್ಲಿ ಉರಿಯುವ ಗ್ಯಾಸ್ ಒಲೆ ಇಲ್ಲ. ಗ್ಯಾಸಿನ ಪಕ್ಕದಲ್ಲಿಟ್ಟರೆ ಅದರ ಬಿಸಿಗಾಳಿ, ಒಗ್ಗರಣೆಯ ಎಣ್ಣೆ ಹೊಗೆ ಎಲ್ಲವೂ ಇದರ ಹೊಟ್ಟೆಗೇ ಹೋಗುತ್ತದೆ. ಏಪ್ರಿಲ್‌ನಲ್ಲಿ ಮಂಡ್ಯದ ಅಡುಗೆಮನೆಯ ಗಾಳಿಯೇ 35 ಡಿಗ್ರಿ ದಾಟಿರುವಾಗ ಒಳಗಿನ ಸೆನ್ಸರಿಗೆ ಉಳಿಯುವ ಅವಕಾಶ ಅಷ್ಟು ಕಿರಿದಾಗುತ್ತದೆ. ಚಳಿಗಾಲದಲ್ಲಿ ಹೇಗೋ ನಡೆಯುತ್ತಿದ್ದ ಒಲೆ ಬೇಸಿಗೆ ಬಂದೊಡನೆ ಕೋಡ್ ಕೊಡಲು ಶುರುಮಾಡಿದರೆ ಇದೇ ಕಾರಣ ಇರಬಹುದು.

ಅಡುಗೆ ಮುಗಿದ ತಕ್ಷಣ ಗೋಡೆಯ ಸ್ವಿಚ್ ಆರಿಸುವವರಿಗೆ ಒಂದು ವಿನಂತಿ. ಒಲೆಯ ಬಟನ್ ಒತ್ತಿ ಆಫ್ ಮಾಡಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುತ್ತದೆ. ಅದು ನಿಂತ ಮೇಲೆ ಸ್ವಿಚ್ ಆರಿಸಿ. ಅಡುಗೆಯ ನಡುವೆ ಕರೆಂಟ್ ಹೋಗಿ ಬಂದಾಗ ಕೋಡ್ ಬರುವುದೂ ಇದೇ ಕಾರಣಕ್ಕೆ, ಫ್ಯಾನ್ ನಿಂತಿದ್ದ ಹೊತ್ತಿನಲ್ಲಿ ಬಿಸಿ ಒಳಗೇ ಉಳಿದಿರುತ್ತದೆ. ಪಾತ್ರೆ ಇಳಿಸಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಹೋಗುತ್ತದೆ.

ಮಂಡ್ಯದ ಒಂದು ಮನೆ, ಎರಡು ಕೋಡ್

ಮಂಡ್ಯದಲ್ಲಿರುವ ನಮ್ಮ ಚಿಕ್ಕಮ್ಮನ ದೂರು ಇದು: "ಅನ್ನಕ್ಕಿಟ್ರೆ ಆಯ್ತದೆ ಕಣಪ್ಪ, ಮುದ್ದೆಗೆ ಎಸರಿಟ್ರೆ ಮಾತ್ರ ನಿಂತೋಯ್ತದೆ." ರಿಪೇರಿಯವರು ಬೋರ್ಡ್ ಹೋಗಿದೆ, ಬದಲಾಯಿಸಬೇಕು ಎಂದಿದ್ದರಂತೆ. ಒಲೆ 2000 ವ್ಯಾಟಿನದು, ಅದೃಷ್ಟಕ್ಕೆ ಕೈಪಿಡಿ ಅಲ್ಮೇರಾದಲ್ಲಿತ್ತು. ಬರುತ್ತಿದ್ದ ಕೋಡಿಗೆ ಆ ಮಾದರಿಯಲ್ಲಿ ಒಳಗಿನ ಬಿಸಿ ಎಂದು ಅರ್ಥ.

ಅನ್ನ ಆಗುತ್ತದೆ, ಮುದ್ದೆ ಆಗುವುದಿಲ್ಲ ಎಂಬ ಮಾತಿನಲ್ಲೇ ಅರ್ಧ ಉತ್ತರವಿತ್ತು. ಬೋರ್ಡ್ ಹೋಗಿದ್ದರೆ ಅದಕ್ಕೆ ಅನ್ನ ಮುದ್ದೆಯ ಭೇದ ಗೊತ್ತಾಗುವುದಿಲ್ಲ. ಅನ್ನಕ್ಕೆ ಇಂಡಕ್ಷನ್ ಕುಕ್ಕರ್, 1200 ವ್ಯಾಟ್, ಮೂರು ಸೀಟಿ ಕೂಗಿದರೆ ಆಫ್. ಮುದ್ದೆಗೆ ಮಾತ್ರ ಹಳೆಯ ಅಲ್ಯೂಮಿನಿಯಂ ತಪ್ಪಲೆ. ಅದು ಇಂಡಕ್ಷನ್ನಿಗೆ ಆಗುವುದಿಲ್ಲವೆಂದು ಅಂಗಡಿಯಲ್ಲಿ ಸಿಗುವ ಇಂಡಕ್ಷನ್ ಪ್ಲೇಟ್, ಅಂದರೆ ಹಿಡಿಯಿರುವ ಕಬ್ಬಿಣದ ಬಿಲ್ಲೆ, ಅದನ್ನು ಕೆಳಗಿಟ್ಟು ಮೇಲೆ ತಪ್ಪಲೆ ಇಟ್ಟು, ಬೇಗ ಆಗಲೆಂದು ಪೂರ್ತಿ 2000ಕ್ಕೆ ಹಾಕುತ್ತಿದ್ದರು. ಒಲೆ ಇದ್ದದ್ದು ಮೂಲೆಯಲ್ಲಿ, ಹಿಂಭಾಗ ಗೋಡೆಯ ಟೈಲ್ಸಿಗೆ ತಾಗಿಕೊಂಡು, ಕೆಳಗೆ ಪ್ಲಾಸ್ಟಿಕ್ ಶೀಟ್. ಒಲೆ ಎತ್ತಿ ಶೀಟನ್ನು ಬೆಳಕಿಗೆ ಹಿಡಿದಾಗ ಫ್ಯಾನಿನ ಜಾಲರಿಯ ಗೆರೆಗಳು ಧೂಳಿನಲ್ಲಿ ಅಚ್ಚೊತ್ತಿದ್ದವು.

ಶೀಟ್ ತೆಗೆದು, ಒಲೆಯನ್ನು ಗೋಡೆಯಿಂದ ಮುಂದೆ ಎಳೆದು, ಕುಕ್ಕರಿನಲ್ಲಿ ಎರಡು ಲೀಟರ್ ನೀರಿಟ್ಟು 1600ಕ್ಕೆ ಹಾಕಿದೆವು. ಒಂಬತ್ತು ನಿಮಿಷಕ್ಕೆ ಕುದಿ ಬಂತು, ಮತ್ತೆ ಹತ್ತು ನಿಮಿಷ ಕುದಿಯಿತು, ಎಲ್ಲೂ ನಿಲ್ಲಲಿಲ್ಲ. ಬೋರ್ಡ್, ಫ್ಯಾನ್, ಎರಡೂ ಸೆನ್ಸರ್ ಸರಿಯಿವೆ ಎಂದು ಇಲ್ಲಿಗೇ ಖಾತ್ರಿಯಾಯಿತು. ಆಮೇಲೆ ಒಲೆ ಆರಲು ಬಿಟ್ಟು ಅದೇ ನೀರನ್ನು ತಪ್ಪಲೆಗೆ ಹಾಕಿ, ಪ್ಲೇಟಿನ ಮೇಲಿಟ್ಟು, ಅದೇ 1600ಕ್ಕೆ ಹಾಕಿದಾಗ ಶೀಟ್ ಇದ್ದಾಗ ಓಡುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ಓಡಿತು, ಆದರೂ ಕುದಿ ಹತ್ತುವ ಮೊದಲೇ ನಿಂತಿತು. ಈ ಸಲ ಬಂದ ಕೋಡ್ ಬೇರೆ: ಗಾಜಿನ ಬಿಸಿ.

ಚಿಕ್ಕಮ್ಮನಿಗೆ ಇದು ಇನ್ನೊಂದು ಹೊಸ ರೋಗದಂತೆ ಕಂಡಿತು. ಆದರೆ ಕೋಡ್ ಬದಲಾದದ್ದು ಒಳ್ಳೆಯ ಲಕ್ಷಣ. ಮೊದಲು ಗಾಳಿ ಕಟ್ಟಿಕೊಂಡಿದ್ದರಿಂದ ಒಳಗಿನ ಸೆನ್ಸರ್ ಮುಂಚೆ ಮಿತಿ ಮುಟ್ಟುತ್ತಿತ್ತು, ಹಿಂದಿದ್ದ ಇನ್ನೊಂದು ದೋಷ ಕಾಣಿಸಿಕೊಳ್ಳಲು ಸಮಯವೇ ಸಿಗುತ್ತಿರಲಿಲ್ಲ. ಗಾಳಿ ಸರಿಯಾದ ಮೇಲೆ ಅದು ಹೊರಬಿತ್ತು. ಕಾಂತಕ್ಷೇತ್ರದಿಂದ ಕಾಯುವುದು ಪ್ಲೇಟ್, ತಪ್ಪಲೆಯಲ್ಲ. ಎರಡರ ನಡುವೆ ಗಾಳಿಯ ತೆಳು ಪದರ, ಜೊತೆಗೆ ಹಳೇ ತಪ್ಪಲೆಯ ತಳ ಉಬ್ಬಿತ್ತು. ಬಿಸಿ ಮೇಲಕ್ಕೆ ಹೋಗಲು ದಾರಿ ಕಡಿಮೆ, ಕೆಳಗೆ ಗಾಜಿಗೆ ಸಲೀಸು. ನೀರು ತಪ್ಪಲೆಯನ್ನು ತಂಪಾಗಿಡುತ್ತದೆಯೇ ಹೊರತು ಪ್ಲೇಟನ್ನಲ್ಲ. ಪ್ಲೇಟ್ ಎತ್ತಿ ನೋಡಿದರೆ ಅಡಿಭಾಗ ಕಂದು ಹಳದಿಗೆ ತಿರುಗಿತ್ತು. ಉಕ್ಕು ಹಾಗೆ ಬಣ್ಣ ಬದಲಿಸಬೇಕಾದರೆ 200 ಡಿಗ್ರಿ ದಾಟಿರಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ ಆ ಪ್ಲೇಟಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಸರಿಯಾದ ಪಾತ್ರೆ ಕೊಳ್ಳುವುದೇ ಲಾಭ. ಬಳಸಲೇಬೇಕೆಂದರೆ 800 ವ್ಯಾಟ್ ಮೇಲೆ ಹೋಗಬೇಡಿ.

ಮುದ್ದೆಗೆ ಈಗ ದಪ್ಪ ತಳದ, ಅಯಸ್ಕಾಂತ ಬಿಗಿಯಾಗಿ ಕಚ್ಚುವ ಸ್ಟೀಲ್ ಪಾತ್ರೆ ಬಂದಿದೆ. ಎಸರು ಕುದಿಯುವ ತನಕ 1600, ರಾಗಿಹಿಟ್ಟು ಸುರಿದ ಮೇಲೆ 500. ಇದಕ್ಕೂ ಕಾರಣವಿದೆ. ನೀರು ತಾನೇ ಮೇಲೆ ಕೆಳಗೆ ಸುತ್ತಿ ತಳದ ಬಿಸಿಯನ್ನು ಒಯ್ಯುತ್ತದೆ, ಗಟ್ಟಿಯಾದ ಹಿಟ್ಟು ಕದಲುವುದಿಲ್ಲ. ಉರಿ ತಗ್ಗಿಸದಿದ್ದರೆ ತಳ ಹಿಡಿಯುತ್ತದೆ, ಹಿಂದೆಯೇ ಗಾಜಿನ ಕೋಡ್ ಬರುತ್ತದೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ ನೆಲದ ಮೇಲೆ ಕವೆಗೋಲು ಕೊಟ್ಟು ತೊಳಸಬೇಕು. ಒಲೆಯ ಮೇಲೇ ಮುದ್ದೆ ಕೋಲಿನಿಂದ ತಿರುವಿದರೆ ಪಾತ್ರೆ ಜರುಗಿ ಪಾತ್ರೆ ಇಲ್ಲ ಎಂಬ ಕೋಡ್ ಬರುವುದು ಒಂದು, ಆ ಒತ್ತಡಕ್ಕೆ ಗಾಜು ಬಿರುಕು ಬಿಡಬಹುದು ಎಂಬುದು ಅದಕ್ಕಿಂತ ದೊಡ್ಡದು.

ಬಿಚ್ಚಿ ನೋಡುವುದಾದರೆ

ವಾರಂಟಿ ಇದ್ದರೆ ಬಿಚ್ಚಬೇಡಿ. ಇಲ್ಲದಿದ್ದರೂ ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು ಹೊರಗಿನ ಸ್ವಚ್ಛತೆಗೇ ನಿಲ್ಲಿ: ಪ್ಲಗ್ ಕಿತ್ತು, ಒಲೆ ಆರಿದ ಮೇಲೆ ದಪ್ಪ ಟವೆಲ್ ಮೇಲೆ ಬೋರಲು ಮಲಗಿಸಿ, ಒಣ ಪೇಂಟ್ ಬ್ರಷ್ಷಿನಿಂದ ಜಾಲರಿ ಉಜ್ಜಿ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಎಳೆಯಿರಿ. ನೀರು, ಸ್ಪ್ರೇ ಯಾವುದೂ ಬೇಡ.

ಬಿಚ್ಚುವವರು ಒಂದು ನಿಯಮ ಮೀರಬಾರದು. ಮುಚ್ಚಳ ತೆಗೆದ ಒಲೆಗೆ ಯಾವ ಕಾರಣಕ್ಕೂ ಪ್ಲಗ್ ಹಾಕಬೇಡಿ. ಮೊಬೈಲ್ ಚಾರ್ಜರಿನಲ್ಲಿ ಕಡಿಮೆ ವೋಲ್ಟೇಜಿನ ಭಾಗ ಗೋಡೆಯ ಕರೆಂಟಿನಿಂದ ಬೇರ್ಪಟ್ಟಿರುತ್ತದೆ, ಇಲ್ಲಿ ಹಾಗಿಲ್ಲ. ಫ್ಯಾನಿನ ತಂತಿ, ಸೆನ್ಸರಿನ ತಂತಿ ಮುಟ್ಟಿದರೂ ಶಾಕ್ ಹೊಡೆಯಬಹುದು. ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ನಿಂತಿರುತ್ತದೆ, ಆದ್ದರಿಂದ ಪ್ಲಗ್ ಕಿತ್ತು ಕಾಲು ಗಂಟೆ ಬಿಟ್ಟು, ಮೀಟರಿನಲ್ಲಿ ಅಳೆದು ಸೊನ್ನೆ ಆಗಿದೆಯೆಂದು ನೋಡಿಯೇ ಕೈ ಹಾಕಿ.

ಕೆಳಗಿನ ಸ್ಕ್ರೂಗಳಲ್ಲಿ ಒಂದೆರಡು ರಬ್ಬರ್ ಕಾಲಿನ ಒಳಗೆ ಅಡಗಿರಬಹುದು. ಗಾಜಿನ ಭಾಗವನ್ನು ಜೋರಾಗಿ ಎತ್ತಬೇಡಿ, ಬಟನ್ ಬೋರ್ಡಿಗೆ ಹೋಗುವ ತಂತಿ ಅಡ್ಡ ಇರುತ್ತದೆ. ಫ್ಯಾನನ್ನು ಬೆರಳಿನಿಂದ ತಳ್ಳಿ. ಸಲೀಸಾಗಿ ಒಂದೆರಡು ಸುತ್ತು ಹೋಗಬೇಕು. ಬಿಗಿಯಾಗಿದ್ದರೆ, ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ರೆಕ್ಕೆ ಒರೆಸಿ, ಹೀಟ್ ಸಿಂಕಿನ ಸಂದಿಗಳಲ್ಲಿ ಕೂತ ಜಿಡ್ಡನ್ನು ಬ್ರಷ್ಷಿನಿಂದ ಕೆರೆಯಿರಿ. ಜಿರಳೆ ಸಿಕ್ಕರೆ ಆಶ್ಚರ್ಯಪಡಬೇಡಿ, ಬೆಚ್ಚನೆಯ ಜಾಗ ಅವಕ್ಕೂ ಇಷ್ಟ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಒಣಗಿದ ಬೇರಿಂಗ್ ಸ್ವಲ್ಪ ದಿನ ಓಡುತ್ತದೆ, ಆದರೆ ಹೊಸ ಫ್ಯಾನ್ ಹಾಕುವುದೇ ಸರಿ. ಕೊಳ್ಳುವಾಗ ಹಳೆಯದರ ಚೀಟಿಯಲ್ಲಿರುವ ವೋಲ್ಟ್ ನೋಡಿ. 12 ವೋಲ್ಟಿನವೂ ಇವೆ, 18 ವೋಲ್ಟಿನವೂ ಇವೆ, ಅದಲು ಬದಲಾದರೆ ಒಂದೋ ಸುಟ್ಟುಹೋಗುತ್ತದೆ ಇಲ್ಲವೇ ನಿಧಾನಕ್ಕೆ ತಿರುಗುತ್ತದೆ.

ಗಾಜಿನ ಸೆನ್ಸರ್ ಅಳೆಯಲು ಅದರ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು ಮೀಟರನ್ನು ಓಮ್ಸಿಗೆ ಇಡಿ. ಬಹಳ ಮಾದರಿಗಳಲ್ಲಿ ಇದು 25 ಡಿಗ್ರಿಯಲ್ಲಿ 100 ಕಿಲೋ ಓಮ್ ಇರುವ ಸೆನ್ಸರ್. ಬಿಸಿಯಾದಂತೆ ಓಮ್ ಇಳಿಯುತ್ತದೆ. 30 ಡಿಗ್ರಿಯ ಕೋಣೆಯಲ್ಲಿ 80ರ ಆಸುಪಾಸು ತೋರಿಸುತ್ತದೆ. ಬಿಸಿ ಕಾಫಿ ಲೋಟವನ್ನು ಅದಕ್ಕೆ ತಾಗಿಸಿ ಹಿಡಿದರೆ ಅಂಕಿ ಹಾರದೆ, ಜಿಗಿಯದೆ ಒಂದೇ ಸಮನೆ ಇಳಿಯಬೇಕು. ಮೀಟರ್ ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಸೊನ್ನೆ ತೋರಿಸಿದರೆ ಶಾರ್ಟ್. ಎರಡಕ್ಕೂ ಸೆನ್ಸರ್ ಬದಲಾಯಿಸಬೇಕು. ಮತ್ತೆ ಜೋಡಿಸುವಾಗ ಬಿಳಿ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿ, ಸೆನ್ಸರ್ ಗಾಜಿಗೆ ಒತ್ತಿ ಕೂತಿದೆಯೆಂದು ಖಚಿತಪಡಿಸಿಕೊಳ್ಳಿ. ಅದು ಕೆಳಗೆ ಜಾರಿ ಉಳಿದರೆ ಒಲೆ ಕೋಡೇ ಕೊಡದೆ ಚೆನ್ನಾಗಿ ಓಡುತ್ತದೆ, ಎಣ್ಣೆ ಹೊತ್ತಿಕೊಳ್ಳುವ ತನಕ.

ಕರೆಂಟಿನ ಕಡೆಯ ಕೋಡ್

ಸಂಜೆ ಹೊತ್ತು ಮಾತ್ರ, ಅಥವಾ ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ ಮಾತ್ರ ಕೋಡ್ ಬಂದರೆ ಪಾತ್ರೆ ಫ್ಯಾನ್ ಬಿಟ್ಟು ವೋಲ್ಟೇಜ್ ಅಳೆಯಿರಿ. ಒಲೆ ಓಡುತ್ತಿರುವಾಗ ಬೇರೆ ಸಾಕೆಟ್ಟಿನಲ್ಲಿ ಅಳೆದು 180ಕ್ಕಿಂತ ಕೆಳಗೆ ಬರುತ್ತಿದ್ದರೆ ದೂರು ಕೊಡಬೇಕಾದದ್ದು ನಿಮ್ಮ ಊರಿಗೆ ಕರೆಂಟ್ ಕೊಡುವ ಕಂಪನಿಗೆ, ಮಂಡ್ಯ ಮೈಸೂರಿನವರಾದರೆ ಸೆಸ್ಕಿಗೆ, ರಿಪೇರಿಯವರಿಗಲ್ಲ. 2000 ವ್ಯಾಟಿಗೆ ಸುಮಾರು 9 ಆಂಪಿಯರ್ ಬೇಕು. ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಆಗಬೇಕು. ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ, ಪ್ಲಗ್ ಪಿನ್ ಸುಡುತ್ತದೆ.

ರಿಪೇರಿಗೆ ಕೊಡುವಾಗ

ಒಳ್ಳೆಯ ಪಾತ್ರೆ, ಸರಿಯಾದ ಜಾಗ, ಜೋರಾಗಿ ಬರುವ ಗಾಳಿ ಎಲ್ಲ ಇದ್ದೂ ನೀರಿನ ಪರೀಕ್ಷೆಯಲ್ಲಿ ನಿಂತರೆ ರಿಪೇರಿಯವರ ಬಳಿ ಒಯ್ಯಿರಿ. ಗಾಜು ಬಿರುಕು ಬಿಟ್ಟಿದ್ದರೆ, ಸುಟ್ಟ ವಾಸನೆ ಬಂದಿದ್ದರೆ, ಆನ್ ಮಾಡಿದಾಗ ಮನೆಯ ಎಂಸಿಬಿ ಬೀಳುತ್ತಿದ್ದರೆ ಯಾವ ಪರೀಕ್ಷೆಯನ್ನೂ ಮಾಡದೆ ಪ್ಲಗ್ ಕಿತ್ತಿಡಿ. ಕೊಡುವಾಗ ಕೋಡ್ ಜೊತೆಗೆ, ಯಾವ ಪಾತ್ರೆ, ಎಷ್ಟು ವ್ಯಾಟ್, ಎಷ್ಟು ನಿಮಿಷಕ್ಕೆ ನಿಂತಿತು ಎಂದು ಚೀಟಿಯಲ್ಲಿ ಬರೆದು ಅಂಟಿಸಿ. ವಾಪಸ್ ತರುವಾಗ ಸೆನ್ಸರ್ ಹೊಸದು ಹಾಕಿದರೋ, ಅದರ ಬದಲು ರೆಸಿಸ್ಟರ್ ಬೆಸೆದರೋ ಎಂದು ಕೇಳಲೇಬೇಕು. ಕೆಲವರು ಸೆನ್ಸರಿನ ಜಾಗದಲ್ಲಿ ರೆಸಿಸ್ಟರ್ ಹಾಕಿ ಕೋಡ್ ಬರದ ಹಾಗೆ ಮಾಡಿಕೊಡುತ್ತಾರೆ. ಆ ಒಲೆಗೆ ಬಾಣಲೆ ಕೆಂಪಗೆ ಕಾದರೂ ಗೊತ್ತಾಗುವುದಿಲ್ಲ. ಹಾಗೆ ಮಾಡಿದ್ದರೆ ದುಡ್ಡು ಕೊಡುವ ಮೊದಲೇ ಅದನ್ನು ತೆಗೆಸಿ, ಸೆನ್ಸರ್ ಹಾಕಿಸಿಕೊಂಡು, ಅಂಗಡಿಯಲ್ಲೇ ನೀರಿಟ್ಟು ಓಡಿಸಿ ನೋಡಿ ತನ್ನಿ.